ಎರಡು ತಾರೀಖಿನ ನಡುವೆ "ನೀರು" ಅಂತ ಎಷ್ಟು ಸಾಲಿದೆ? ಫಾರ್ಮುಲಾ ಸರಿಯಿದ್ದರೂ ಲೆಕ್ಕ ಯಾಕೆ ತಪ್ಪುತ್ತೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ದೂರುಗಳ ಪಟ್ಟಿ ಎಕ್ಸೆಲ್‌ನಲ್ಲಿದೆ. A ಕಾಲಮ್‌ನಲ್ಲಿ ತಾರೀಖು, B ಕಾಲಮ್‌ನಲ್ಲಿ ದೂರಿನ ವಿವರ. ಏಪ್ರಿಲ್ ತಿಂಗಳಲ್ಲಿ ನೀರಿನ ಬಗ್ಗೆ ಎಷ್ಟು ದೂರು ಬಂದಿವೆ ಅಂತ ಎಣಿಸಬೇಕು. COUNTIFS ಹಾಕಿದೆ, ಉತ್ತರ ತಪ್ಪು ಬರುತ್ತಿದೆ. ಕಾಲಮ್ ಪೂರ್ತಿ Date ಫಾರ್ಮ್ಯಾಟ್ ಕೊಟ್ಟಿದ್ದೇನೆ.

ಈ ಕೊನೆಯ ವಾಕ್ಯ ಇಲ್ಲದೆ ಈ ಪ್ರಶ್ನೆ ಬಂದಿದ್ದೇ ಇಲ್ಲ. ಅದನ್ನು ಕಂಡಾಗೆಲ್ಲ ಸ್ವಲ್ಪ ಬೇಸರ ಆಗುತ್ತೆ, ಯಾಕೆಂದರೆ ತೊಂದರೆ ಇರುವುದು ಅಲ್ಲೇ. ಮೊದಲು ಫಾರ್ಮುಲಾ ನೋಡಿಬಿಡೋಣ.

```
=COUNTIFS(A2:A7,">="&DATE(2024,4,1),A2:A7,"<"&DATE(2024,5,1),B2:B7,"*ನೀರು*")
```

"ಇದರಿಂದ ಇದರವರೆಗೆ" ಅಂತ ಒಂದೇ ಮಾತಲ್ಲಿ ಹೇಳಲು COUNTIFSನಲ್ಲಿ ದಾರಿ ಇಲ್ಲ. ಹಾಗಾಗಿ A ಕಾಲಮ್ ಎರಡು ಸಲ ಬರುತ್ತೆ. `>=` ಚಿಹ್ನೆ ಉದ್ಧರಣ ಚಿಹ್ನೆಯ ಒಳಗಿರಬೇಕು, ತಾರೀಖು ಹೊರಗಿರಬೇಕು, ನಡುವೆ `&` ಇರಬೇಕು. ಮೇಲಿನ ಗಡಿಗೆ "ಏಪ್ರಿಲ್ 30ರವರೆಗೆ" ಅನ್ನುವ ಬದಲು "ಮೇ 1ಕ್ಕಿಂತ ಮೊದಲು" ಅಂತ ಕೊಟ್ಟಿರುವುದಕ್ಕೂ ಕಾರಣವಿದೆ. ತಾರೀಖಿನ ಜೊತೆ ಗಂಟೆಯೂ ದಾಖಲಾಗಿದ್ದರೆ 30ರ ಸಂಜೆಯ ದೂರು `"<="&DATE(2024,4,30)` ಅನ್ನುವ ಗಡಿಯಿಂದ ಹೊರಗೆ ಬೀಳುತ್ತೆ, ಯಾಕೆಂದರೆ ಆ ಗಡಿ 30ನೇ ತಾರೀಖು ಶುರುವಾಗುವ ಮಧ್ಯರಾತ್ರಿ 12ಕ್ಕೇ ಮುಗಿದಿರುತ್ತೆ. ಇನ್ನು `*` ಅಂದರೆ ಆ ಜಾಗದಲ್ಲಿ ಏನು ಬೇಕಾದರೂ ಇರಬಹುದು, ಏನೂ ಇಲ್ಲದಿದ್ದರೂ ಸರಿ.

ಫಾರ್ಮುಲಾ ಇಷ್ಟೇ. ಇದು ಸಾಮಾನ್ಯವಾಗಿ ಎಲ್ಲರ ಹತ್ತಿರವೂ ಸರಿಯಾಗಿಯೇ ಇರುತ್ತೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: "Date ಫಾರ್ಮ್ಯಾಟ್ ಕೊಟ್ಟರೆ ಅದು ತಾರೀಖಾಗುತ್ತೆ." ಇಲ್ಲ, ಆಗಲ್ಲ. ಫಾರ್ಮ್ಯಾಟ್ ಬದಲಿಸುವುದು ಸೆಲ್ ಕಾಣುವ ರೀತಿಯನ್ನು ಮಾತ್ರ. ಒಳಗಿರುವುದು ಹಾಗೇ ಉಳಿಯುತ್ತೆ. ಎಕ್ಸೆಲ್‌ಗೆ ತಾರೀಖು ಅಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದರ ಲೆಕ್ಕದಲ್ಲಿ 1. ಅಲ್ಲಿಂದ ದಿನಕ್ಕೊಂದರಂತೆ ಏರುತ್ತಾ 2024ರ ಏಪ್ರಿಲ್ 1 ಅಂದರೆ 45383. ಗಂಟೆ, ನಿಮಿಷ ಎಲ್ಲ ದಶಮಾಂಶದಲ್ಲಿ ಕೂರುತ್ತವೆ. ಸೆಲ್‌ನಲ್ಲಿ ಆ ಸಂಖ್ಯೆ ಇಲ್ಲದೆ `13/04/2024` ಅನ್ನುವ ಅಕ್ಷರಗಳ ಸಾಲಷ್ಟೇ ಇದ್ದರೆ, `>=` ಮತ್ತು `<` ಹೋಲಿಕೆಗಳು ಅದನ್ನು ಮುಟ್ಟುವುದೇ ಇಲ್ಲ. ಎರರ್ ಕೂಡ ಬರಲ್ಲ. ಸದ್ದಿಲ್ಲದೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೆ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ತಾರೀಖಿನ ಕಾಲಮ್ ಆರಿಸಿ, ಫಾರ್ಮ್ಯಾಟನ್ನು General ಮಾಡಿ. ನಿಜವಾದ ತಾರೀಖುಗಳು 45383 ತರಹ ಸಂಖ್ಯೆಗಳಾಗಿ ಬದಲಾಗುತ್ತವೆ. ಪಠ್ಯವಾಗಿರುವವು `13/04/2024` ಅಂತಲೇ ನಿಂತಿರುತ್ತವೆ. ನೋಡಿದ ಮೇಲೆ Ctrl+Z ಒತ್ತಿ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೂ ಕಾರಣ ಇದೆ. ಫಾರ್ಮ್ಯಾಟ್ ಬದಲಿಸಿದ ಮೇಲೆ ಯಾವುದೋ ಒಂದು ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಎಂಟರ್ ಒತ್ತುತ್ತೀರಿ. ಆ ಸೆಲ್ ಸರಿಹೋಗುತ್ತೆ! "ನೋಡಿ, ಫಾರ್ಮ್ಯಾಟ್ ಕೊಟ್ಟದ್ದಕ್ಕೆ ಆಯ್ತು" ಅನಿಸುತ್ತೆ ಅಲ್ವಾ? ಕೆಲಸ ಮಾಡಿದ್ದು ಎಂಟರ್. ಒತ್ತಿದಾಗ ಎಕ್ಸೆಲ್ ಆ ಅಕ್ಷರಗಳನ್ನು ಹೊಸದಾಗಿ ಟೈಪ್ ಮಾಡಿದಂತೆ ಮತ್ತೆ ಓದಿತು, ತಾರೀಖು ಅಂತ ಗುರುತಿಸಿತು. ಉಳಿದ ಸೆಲ್‌ಗಳಲ್ಲಿ ಏನೂ ಆಗಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಈ ಆರು ಸಾಲು ನೋಡಿ:

```
01/04/2024        ನೀರು ಬರ್ತಿಲ್ಲ
09/04/2024        ಲಿಫ್ಟ್ ಕೆಟ್ಟಿದೆ
13/04/2024        ನೀರಿನ ಪೈಪ್ ಸೋರಿಕೆ
22/04/2024        ಕುಡಿಯುವ ನೀರು ವಾಸನೆ
30/04/2024 18:40  ನೀರಿಲ್ಲ
04/05/2024        ನೀರು ಟ್ಯಾಂಕ್ ತುಂಬಿ ಹರಿಯುತ್ತಿದೆ
```

ಯಾವುದೋ ಆ್ಯಪ್‌ನಿಂದ CSV ಇಳಿಸಿಕೊಂಡು, ಅಮೆರಿಕದ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪ್‌ನಲ್ಲಿ ಇದನ್ನು ತೆರೆದಿರಿ ಅಂದುಕೊಳ್ಳಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 01/04 ಜನವರಿ 4 ಆಯಿತು. 09/04 ಸೆಪ್ಟೆಂಬರ್ 4 ಆಯಿತು. 13, 22, 30ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಆ ಮೂರು ಸಾಲು ಪಠ್ಯವಾಗಿ ಉಳಿದವು. ಮೇ ತಿಂಗಳ 04/05 ಏಪ್ರಿಲ್ 5 ಆಗಿ ಕೂತಿತು. ಈಗ ಮೇಲಿನ ಫಾರ್ಮುಲಾ ಹಾಕಿದರೆ ಉತ್ತರ 1. ಆ ಒಂದು ಯಾವುದು ಗೊತ್ತಾ? ಮೇ ತಿಂಗಳ ಟ್ಯಾಂಕಿನ ದೂರು. ಏಪ್ರಿಲ್‌ನ ಒಂದು ದೂರೂ ಲೆಕ್ಕಕ್ಕೆ ಬಂದಿಲ್ಲ. 0 ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. 1 ಬಂದರೆ ಅದನ್ನೇ ರಿಪೋರ್ಟಿಗೆ ಹಾಕಿ ಕಳಿಸಿಬಿಡುತ್ತಾರೆ.

ಪತ್ತೆ ಹಚ್ಚುವುದು ಸುಲಭ:

```
=COUNT(A2:A7)
=COUNTA(A2:A7)
```

ಮೊದಲನೆಯದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತೆ, ಎರಡನೆಯದು ಖಾಲಿ ಇಲ್ಲದ ಎಲ್ಲ ಸೆಲ್‌ಗಳನ್ನೂ ಎಣಿಸುತ್ತೆ. ಇಲ್ಲಿ 3 ಮತ್ತು 6 ಬರುತ್ತೆ. ಎರಡೂ ಒಂದೇ ಆಗದಿದ್ದರೆ ಪಠ್ಯದ ತಾರೀಖು ಸೇರಿಕೊಂಡಿದೆ ಅಂತಲೇ ಅರ್ಥ. ಪಠ್ಯವಾಗಿ ಉಳಿದವೆಲ್ಲ 12ಕ್ಕಿಂತ ದೊಡ್ಡ ದಿನಗಳೇ ಆಗಿದ್ದರೆ, ಉಳಿದವುಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ ಅಂತ ಧೈರ್ಯವಾಗಿ ಹೇಳಬಹುದು.

ಹೀಗೆ ಬೆರಕೆಯಾದ ಕಾಲಮ್ ಅನ್ನು ರಿಪೇರಿ ಮಾಡಲು ಹೋಗಬೇಡಿ. ವಿಂಡೋಸ್‌ನ Regional format ಅನ್ನು English (India) ಮಾಡಿ, ಎಕ್ಸೆಲ್ ಮುಚ್ಚಿ, ಮೂಲ CSVಯನ್ನೇ ಮತ್ತೆ ತೆರೆಯಿರಿ. ತಿದ್ದಿ ಸೇವ್ ಮಾಡಿದ ಫೈಲ್ ಬೇಡ. ಗೂಗಲ್ ಶೀಟ್ಸ್ ಆದರೆ File, ಆಮೇಲೆ Settings, ಅಲ್ಲಿ Locale ಅನ್ನು India ಮಾಡಿ, ನಂತರ ಫೈಲ್ ಒಳಗೆ ತನ್ನಿ. ಪೂರ್ತಿ ಕಾಲಮ್ ಪಠ್ಯವೇ ಆಗಿದ್ದರೆ (COUNT 0 ತೋರಿಸಿದರೆ) ಮಾತ್ರ Data ಮೆನುವಿನ Text to Columns ಸಾಕು. ಮೂರನೇ ಹಂತದಲ್ಲಿ Date ಆರಿಸಿ, ಪಕ್ಕದಲ್ಲಿ DMY ಕೊಟ್ಟು Finish ಒತ್ತಿ.

ತಾರೀಖು ಸರಿಹೋಯಿತು. ಈಗ ಉತ್ತರ 2. ಆದರೆ ಪಟ್ಟಿಯನ್ನು ಕಣ್ಣಲ್ಲೇ ಎಣಿಸಿ ನೋಡಿ, ಏಪ್ರಿಲ್‌ನಲ್ಲಿ ನೀರಿನ ದೂರು ನಾಲ್ಕಿವೆ! ಇದನ್ನು ಯಾರೂ ಕೇಳಲ್ಲ. ಕನ್ನಡದಲ್ಲಿ ಡೇಟಾ ಇಟ್ಟುಕೊಂಡವರು ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಅನಿಸಿಕೆ.

"ನೀರಿನ", "ನೀರಿಲ್ಲ" ಇವೆರಡರಲ್ಲೂ "ನೀರು" ಇಲ್ಲ. ಕನ್ನಡದ ಪದ ವಿಭಕ್ತಿಯೋ ಇನ್ನೊಂದು ಪದವೋ ಸೇರಿದಾಗ ಬಾಲ ಬದಲಿಸುತ್ತೆ. ಕಂಪ್ಯೂಟರ್‌ಗೆ ನೀರು ಅಂದರೆ ನ, ೀ, ರ, ು ಅನ್ನುವ ನಾಲ್ಕು ತುಂಡು. `=LEN("ನೀರು")` ಹಾಕಿದರೆ 4 ಅಂತಲೇ ಹೇಳುತ್ತೆ. ಹಾಗಾಗಿ ಕೊನೆಯ ಕೊಂಬನ್ನು ಬಿಟ್ಟು ಬುಡವನ್ನಷ್ಟೇ ಕೊಡಿ:

```
=COUNTIFS(A2:A7,">="&DATE(2024,4,1),A2:A7,"<"&DATE(2024,5,1),B2:B7,"*ನೀರ*")
```

ಈಗ 4 ಬರುತ್ತೆ. 30ರ ಸಂಜೆಯ "ನೀರಿಲ್ಲ" ಕೂಡ ಸೇರಿದೆ. ಬುಡ ಚಿಕ್ಕದಾದಷ್ಟೂ ಬೇಡದ್ದು ನುಗ್ಗುವ ಸಾಧ್ಯತೆ ಜಾಸ್ತಿ. ಇದೇ ಫಾರ್ಮುಲಾವನ್ನು ಹೋಟೆಲ್ ಬಿಲ್ಲಿನ ಪಟ್ಟಿಗೆ ಹಾಕಿದರೆ "ಪನೀರ್ ಮಸಾಲ" ಕೂಡ ಎಣಿಕೆಗೆ ಬರುತ್ತೆ, ಅದರೊಳಗೂ "ನೀರ" ಇದೆಯಲ್ಲ. ಅಂಥ ಕಡೆ ಅದೇ ಕಾಲಮ್ ಮೇಲೆ `"<>*ಪನೀರ*"` ಅಂತ ಇನ್ನೊಂದು ಷರತ್ತು ಸೇರಿಸಿ. ಒಂದೇ ಸಾಲಿನಲ್ಲಿ ನೀರು, ಪನೀರ್ ಎರಡೂ ಇದ್ದರೆ ಆ ಸಾಲು ಹೋಗುತ್ತೆ ಅನ್ನುವುದು ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಕನ್ನಡದ ಒಂದು ಸಾಲೂ ಸಿಗದಿದ್ದರೆ, ಆ ಸೆಲ್‌ನ ಫಾಂಟ್ ಅನ್ನು Arial ಮಾಡಿ ನೋಡಿ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ, ಅದು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ತನಕ ಯಾವ `*` ಹಾಕಿದರೂ ಸಿಗಲ್ಲ.