ಚಿನ್ನ ದುಬಾರಿಯಾದರೂ ಕೊಳ್ಳುವವರು ಯಾಕೆ ಕಡಿಮೆ ಆಗ್ತಿಲ್ಲ?

ಪ್ರಶ್ನೆ: ಬೆಲೆ ಏರಿದರೆ ಬೇಡಿಕೆ ಇಳಿಯಬೇಕು ಅಲ್ವಾ? ಚಿನ್ನದಂಗಡಿಯವರು ವ್ಯಾಪಾರ ಇಲ್ಲ ಅಂತಾರೆ, ದರ ಮಾತ್ರ ಏರ್ತಾನೇ ಇದೆ. ಇದು ಹೇಗೆ?

ಚಿನ್ನ ಕೊಳ್ಳುವವರೆಲ್ಲ ಒಂದೇ ಜಾತಿಯ ಗಿರಾಕಿಗಳಲ್ಲ, ಅದಕ್ಕೇ ಈ ಗೊಂದಲ. ಒಡವೆಯವರು, ಹೂಡಿಕೆದಾರರು, ರಿಸರ್ವ್ ಬ್ಯಾಂಕಿನಂಥ ಕೇಂದ್ರೀಯ ಬ್ಯಾಂಕುಗಳು, ಕಾರ್ಖಾನೆಗಳು: ಈ ನಾಲ್ವರಲ್ಲಿ ದರ ನೋಡಿ ಹಿಂದೆ ಸರಿಯುವವರು ಮುಖ್ಯವಾಗಿ ಒಡವೆಯವರು. 2024ನ್ನೇ ನೋಡೋಣ. ಆ ವರ್ಷ ಚಿನ್ನದ ಸರಾಸರಿ ಡಾಲರ್ ದರ 2023ಕ್ಕಿಂತ ಸುಮಾರು 23% ಜಾಸ್ತಿಯಿತ್ತು.

ವಿಶ್ವ ಚಿನ್ನ ಮಂಡಳಿಯ ಲೆಕ್ಕದಂತೆ ಆ ವರ್ಷ ಜಗತ್ತಿನಲ್ಲಿ ಒಡವೆಗೆ ಹೋದ ಚಿನ್ನ 1,877 ಟನ್. ಹಿಂದಿನ ವರ್ಷಕ್ಕಿಂತ 11% ಕಡಿಮೆ. ಆದರೆ ಜನ ಒಡವೆಗೆ ಸುರಿದ ಹಣ 9% ಏರಿತು. ಅಂದರೆ ಜನ ಅಂಗಡಿಗೆ ಬರೋದು ಬಿಡಲಿಲ್ಲ, ಗ್ರಾಂ ಕಡಿಮೆ ಮಾಡಿದರು. ಮಗಳ ಮದುವೆಗೆ ಮೂರು ಲಕ್ಷ ಎತ್ತಿಟ್ಟ ಮನೆಯನ್ನು ನೆನೆಸಿಕೊಳ್ಳಿ. ಗ್ರಾಮಿಗೆ 6,000 ರೂಪಾಯಿ ಇದ್ದಾಗ, ಕೂಲಿ ಮತ್ತು ಜಿಎಸ್‌ಟಿ ಬಿಟ್ಟರೆ, 50 ಗ್ರಾಂ ಬರುತ್ತಿತ್ತು. 7,500 ಆದಾಗ ಬರೋದು 40 ಗ್ರಾಂ. ಮೇಕಿಂಗ್ ಚಾರ್ಜ್ ಶೇಕಡಾ ಲೆಕ್ಕದಲ್ಲಿದ್ದರೆ ಗ್ರಾಮಿನ ಕೂಲಿಯೂ ದರದ ಜೊತೆಗೇ ಏರುತ್ತದೆ, ಕೆಲಸ ಮಾತ್ರ ಅಷ್ಟೇ! ಆಗ ಮನೆಯವರು ಸಣ್ಣ ನೆಕ್ಲೇಸ್ ಆರಿಸುತ್ತಾರೆ, 22 ಕ್ಯಾರೆಟ್ ಬಿಟ್ಟು 18ಕ್ಕೆ ಇಳಿಯುತ್ತಾರೆ, ಇಲ್ಲವೇ ಅಜ್ಜಿಯ ಹಳೇ ಬಳೆ ಕೊಟ್ಟು ಹೊಸದು ಮಾಡಿಸುತ್ತಾರೆ. ಅಂಗಡಿಯವರು ‘ವ್ಯಾಪಾರ ಇಲ್ಲ’ ಅನ್ನುವುದು ಬಹಳ ಸಲ ಗ್ರಾಮಿನ ಲೆಕ್ಕದಲ್ಲಿ, ಬಿಲ್ಲಿನ ಲೆಕ್ಕದಲ್ಲಲ್ಲ.

ಭಾರತದಲ್ಲಿ ಇಳಿಕೆ ಚಿಕ್ಕದು. ಜುಲೈನಲ್ಲಿ ಆಮದು ಸುಂಕ 15%ನಿಂದ 6%ಗೆ ಇಳಿದದ್ದು ಆಸರೆಯಾಯಿತು. ಚೀನಾದಲ್ಲಿ ಅಂಥ ಆಸರೆ ಇರಲಿಲ್ಲ, ಅಲ್ಲಿ ಒಡವೆ ಬೇಡಿಕೆ ಸುಮಾರು ಕಾಲು ಭಾಗ ಕುಸಿಯಿತು.

ಹೂಡಿಕೆದಾರರದು ಉಲ್ಟಾ ಲೆಕ್ಕ. ಏರುವ ದರ ನೋಡಿದರೆ ಇವರಿಗೆ ‘ಇನ್ನೂ ಏರುತ್ತೆ’ ಅನ್ನಿಸುತ್ತದೆ. 2024ರಲ್ಲಿ ಹೂಡಿಕೆ ಬೇಡಿಕೆ 25% ಏರಿ 1,180 ಟನ್ ಆಯಿತು. ಈ ಸಂಖ್ಯೆ ನೋಡಿ ಜಗತ್ತೇ ಚಿನ್ನಕ್ಕೆ ಮುಗಿಬಿತ್ತು ಅಂದುಕೊಳ್ಳಬೇಡಿ. ಗಟ್ಟಿ ಮತ್ತು ನಾಣ್ಯದ ಖರೀದಿ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. 2023ರಲ್ಲಿ ಚಿನ್ನದ ಇಟಿಎಫ್‌ಗಳಿಂದ, ಅಂದರೆ ಷೇರಿನಂತೆ ಕೊಂಡು ಮಾರುವ ಚಿನ್ನದ ನಿಧಿಗಳಿಂದ, 200 ಟನ್ನಿಗೂ ಮೀರಿ ಚಿನ್ನ ಹೊರಗೆ ಹೋಗಿತ್ತು. 2024ರಲ್ಲಿ ಆ ಸೋರಿಕೆ ಬಹುತೇಕ ನಿಂತಿತು. ಮಾರುವವರು ಸುಮ್ನಾದರೆ ಸಾಕು, ಲೆಕ್ಕದಲ್ಲಿ ಅದೇ ಬೇಡಿಕೆಯಾಗಿ ಕಾಣುತ್ತದೆ. ಇಟಿಎಫ್‌ನವರು ದರದಷ್ಟೇ ಬಡ್ಡಿಯನ್ನೂ ನೋಡುತ್ತಾರೆ. ಚಿನ್ನಕ್ಕೆ ಬಡ್ಡಿ ಇಲ್ಲ. ಹಾಗಾಗಿ ಅಮೆರಿಕದಲ್ಲಿ ಬಡ್ಡಿ ಇಳಿಯುವ ಸೂಚನೆ ಸಿಕ್ಕಾಗ ಇವರು ಒಳಗೆ ಬರುತ್ತಾರೆ, ಏರುವಾಗ ಅಷ್ಟೇ ಬೇಗ ಹೊರಗೆ ಹೋಗುತ್ತಾರೆ. ನಂಬಿಕೊಂಡು ಕೂರುವ ಗಿರಾಕಿಗಳಲ್ಲ ಇವರು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಕೇಂದ್ರೀಯ ಬ್ಯಾಂಕುಗಳ ಹತ್ತಿರ. 2022ರಲ್ಲಿ ರಷ್ಯಾದ ವಿದೇಶಿ ಮೀಸಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಡಾಲರ್, ಯೂರೋ ಮೀಸಲಿಗೆ ಬೇರೆಯವರು ಬೀಗ ಹಾಕಬಹುದು, ತನ್ನ ತಿಜೋರಿಯ ಚಿನ್ನಕ್ಕೆ ಹಾಕಲಾಗದು ಅಂತ ಹಲವು ದೇಶಗಳಿಗೆ ಮನವರಿಕೆಯಾಯಿತು. ಆ ವರ್ಷದಿಂದ ಸತತ ಮೂರು ವರ್ಷ ಖರೀದಿ 1,000 ಟನ್ ದಾಟಿತು. 2024ರಲ್ಲಿ ಪೋಲೆಂಡ್ 90 ಟನ್, ನಮ್ಮ ರಿಸರ್ವ್ ಬ್ಯಾಂಕ್ 73 ಟನ್ ಕೊಂಡವು. ಇವರಿಗೆ ಲಾಭವೇ ಗುರಿಯಲ್ಲ, ಒಟ್ಟು ಮೀಸಲಿನಲ್ಲಿ ಚಿನ್ನದ ಪಾಲು ಎಷ್ಟಿರಬೇಕು ಅನ್ನುವುದು ಮುಖ್ಯ.

ಇಲ್ಲೊಂದು ಸೂಕ್ಷ್ಮ ಇದೆ. ದರ ಏರಿದಾಗ ಏನೂ ಕೊಳ್ಳದೆಯೇ ಆ ಪಾಲು ಹಿಗ್ಗುತ್ತದೆ. 100 ರೂಪಾಯಿ ಮೀಸಲಿನಲ್ಲಿ ಚಿನ್ನ 10 ರೂಪಾಯಿಯದು ಅಂದುಕೊಳ್ಳಿ. ದರ ಒಂದೂವರೆ ಪಟ್ಟಾದರೆ ಚಿನ್ನ 15, ಒಟ್ಟು 105, ಪಾಲು 14% ದಾಟುತ್ತದೆ. ಗುರಿ ತಾನಾಗೇ ಹತ್ತಿರವಾದಾಗ ಖರೀದಿ ನಿಧಾನವಾಗಬಹುದು. 2025ರಲ್ಲಿ ರಿಸರ್ವ್ ಬ್ಯಾಂಕ್ ಹಿಂದಿನ ವರ್ಷಕ್ಕಿಂತ ತೀರಾ ಕಡಿಮೆ ಕೊಂಡಿತು. ಹಾಗಂತ ಅದು ಮಾರಲೂ ಇಲ್ಲ.

ಇನ್ನು ತಂತ್ರಜ್ಞಾನ. 2024ರಲ್ಲಿ 326 ಟನ್, ದರ ಏರಿದರೂ 7% ಹೆಚ್ಚಳ. ಎಐ ಸಂಬಂಧಿತ ಚಿಪ್‌ಗಳು ಎಳೆದವು. ಒಂದು ಫೋನಿನಲ್ಲಿರುವ ಚಿನ್ನ ಮಿಲಿಗ್ರಾಂ ಲೆಕ್ಕದ್ದು, ಅದಕ್ಕಾಗಿ ಯಾರೂ ಫೋನ್ ತಯಾರಿಸೋದು ನಿಲ್ಲಿಸುವುದಿಲ್ಲ. ಆದರೆ ದರ ವರ್ಷಗಟ್ಟಲೆ ಮೇಲೇ ನಿಂತರೆ ಎಂಜಿನಿಯರುಗಳು ಬದಲಿ ಹುಡುಕುತ್ತಾರೆ. 2011ರವರೆಗಿನ ಏರಿಕೆಯ ಕಾಲದಲ್ಲಿ ಚಿಪ್ಪಿನೊಳಗಿನ ಕೂದಲೆಳೆಗಿಂತ ತೆಳ್ಳನೆ ಚಿನ್ನದ ತಂತಿಯ ಜಾಗಕ್ಕೆ ಎಷ್ಟೋ ಕಡೆ ತಾಮ್ರ ಬಂತು. ಆಮೇಲೆ ಚಿನ್ನ ಅಗ್ಗವಾದಾಗಲೂ ಆ ಬೇಡಿಕೆಯೆಲ್ಲ ವಾಪಸ್ ಬರಲಿಲ್ಲ. ಒಡವೆ ಗಿರಾಕಿ ದರ ಇಳಿದರೆ ಮತ್ತೆ ಬರುತ್ತಾರೆ, ತಾಮ್ರಕ್ಕೆ ಹೋದ ಕಾರ್ಖಾನೆ ಬರೋದು ಕಷ್ಟ.

ಏರಿಕೆ ದಣಿಯುತ್ತಿದೆಯಾ ಅಂತ ನೋಡಬೇಕಾದರೆ ಒಡವೆ ಅಂಗಡಿಯ ರಶ್ ಅಷ್ಟಾಗಿ ಸಹಾಯಕ್ಕೆ ಬರೋದಿಲ್ಲ. ಇಟಿಎಫ್‌ಗಳಿಂದ ಚಿನ್ನ ಹೊರಹೋಗುವುದು, ಕೇಂದ್ರೀಯ ಬ್ಯಾಂಕುಗಳ ಖರೀದಿ ತಿಂಗಳುಗಟ್ಟಲೆ ತಗ್ಗುವುದು, ಹಳೇ ಒಡವೆ ರಾಶಿರಾಶಿಯಾಗಿ ಕರಗೋದಕ್ಕೆ ಬರುವುದು: ಈ ಮೂರೂ ಒಟ್ಟಿಗೆ ಕಂಡರೆ ಎಚ್ಚರ ವಹಿಸಿ. ಮೂರನೆಯದು ಮಾತ್ರ ನಮ್ಮಲ್ಲಿ ತಡವಾಗಿ ಕಾಣಬಹುದು. ದುಡ್ಡಿನ ಅಡಚಣೆ ಬಂದರೆ ನಮ್ಮ ಜನ ಮೊದಲು ಒಡವೆ ಅಡವಿಡುತ್ತಾರೆ, ಮಾರೋದು ಕೊನೆಗೆ.