ತಪ್ಪು: ಪರೀಕ್ಷೆಯ ಹೊತ್ತಿನಲ್ಲಿ ಸವೆದುಹೋಗುವ ಪದ

ಫೆಬ್ರವರಿ ಬಂತೆಂದರೆ ನಮ್ಮ ಪ್ರೌಢಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸಂವಿಧಾನ ಪೀಠಿಕೆ, ದಿನದ ಸುದ್ದಿಗಳ ಜೊತೆಗೆ ಹತ್ತನೇ ತರಗತಿಯವರಿಗೆಂದು ಎರಡು ನಿಮಿಷದ ಭಾಷಣವೂ ಸೇರಿಕೊಳ್ಳುತ್ತದೆ. "ತಪ್ಪು ಮಾಡಲು ಹೆದರಬೇಡಿ, ತಪ್ಪೇ ಕಲಿಕೆಯ ಮೆಟ್ಟಿಲು" ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಅದರ ಬೆನ್ನಿಗೇ "ಆದರೆ ಪರೀಕ್ಷೆಯಲ್ಲಿ ಒಂದೂ ತಪ್ಪಾಗಬಾರದು" ಎಂಬ ಎಚ್ಚರಿಕೆ. ಸಾಲಿನಲ್ಲಿ ನಿಂತ ಹುಡುಗಿ ಇವೆರಡರಲ್ಲಿ ಯಾವುದನ್ನು ನಂಬಬೇಕು? ಮೊದಲ ವಾಕ್ಯದ ತಪ್ಪು ಬೇರೆ, ಎರಡನೆಯದರ ತಪ್ಪು ಬೇರೆ ಎಂದು ಮೈಕು ಹಿಡಿದವರು ಹೇಳುವುದೇ ಇಲ್ಲ.

ತಪ್ಪು ಅಚ್ಚ ದ್ರಾವಿಡ ಪದ. ತಮಿಳು, ತೆಲುಗಿನಲ್ಲೂ ಇದೆ. ಕನ್ನಡದಲ್ಲಿ ಅದು ಕ್ರಿಯಾಪದವಾಗಿ ಬಂದಾಗ ಅಪರಾಧದ ಸೋಂಕು ಇರಲೇಬೇಕೆಂದಿಲ್ಲ. ಬಸ್ಸು ತಪ್ಪುತ್ತದೆ, ತಾಳ ತಪ್ಪುತ್ತದೆ, ಗುರಿ ತಪ್ಪುತ್ತದೆ. ಮದುವೆ ಕರೆಯೋಲೆಯಲ್ಲಿ 'ತಪ್ಪದೆ ಬನ್ನಿ' ಎಂದು ಬರೆದವರು ಯಾರ ಮೇಲೂ ದೋಷ ಹೊರಿಸುತ್ತಿಲ್ಲ. ವಿಜಯನಗರದ ಅರಸರ ಬಿರುದುಗಳಲ್ಲಿ 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬುದೊಂದಿದೆ. ಅಲ್ಲಿ ಭಾಷೆ ಎಂದರೆ ಕೊಟ್ಟ ಮಾತು, ಗಂಡ ಎಂದರೆ ಮಣಿಸುವವನು. ಅದರಿಂದ ಆಚೆ ಸರಿಯುವುದೇ ತಪ್ಪುವುದು. ಅಂದರೆ ಈ ಕ್ರಿಯಾಪದದ ಹಿಂದೆ ಯಾವಾಗಲೂ ಒಂದು ದಾರಿಯೋ ಗುರಿಯೋ ಇರುತ್ತದೆ, 'ಯಾವುದರಿಂದ ತಪ್ಪಿತು?' ಎಂದು ಕೇಳಲು ಬರುತ್ತದೆ. ನಾಮಪದವಾದ ತಪ್ಪಿನ ಕಥೆ ಹಾಗಲ್ಲ. ತಪ್ಪೊಪ್ಪಿಗೆ ಎನ್ನುತ್ತೇವೆ, ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕುತ್ತೇವೆ. ಅಲ್ಲಿ ಕೇಳುವುದು 'ಯಾರು ಮಾಡಿದ್ದು?' ಎಂದು. ಭಾಷಣಕಾರರು ಮೊದಲ ಅರ್ಥದಲ್ಲಿ ಆಡಿದ ಮಾತು ಮಕ್ಕಳ ಕಿವಿಗೆ ಎರಡನೆಯ ಅರ್ಥದಲ್ಲಿ ಬೀಳುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ನಾಲ್ಕು ಮಡಿಕೆಯಾಗಿ ಬ್ಯಾಗಿನ ತಳ ಸೇರುವುದು ಅದಕ್ಕೇ.

ಇನ್ನು 'ಕಲಿಕೆಯ ಮೆಟ್ಟಿಲು'. ಎಲ್ಲ ತಪ್ಪೂ ಮೆಟ್ಟಿಲಲ್ಲ. ಗೊತ್ತಿದ್ದೂ ಜಾರಿದ್ದು ಕೈತಪ್ಪು. ಗೊತ್ತಿದೆ ಎಂದುಕೊಂಡೇ ಎಡವಿದ್ದು ತಿಳಿವಳಿಕೆಯ ತಪ್ಪು. ಭಾಷಾಕಲಿಕೆಯ ವಿಚಾರದಲ್ಲಿ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಈ ಗೆರೆ ಎಳೆದು, ಕಲಿಯುವವನ ತಲೆಯೊಳಗಿನ ನಿಯಮವನ್ನು ತೋರಿಸುವುದು ಎರಡನೆಯದೇ ಎಂದಿದ್ದ. ಗಣಿತದಲ್ಲಿ ಇದು ಇನ್ನೂ ಸ್ಪಷ್ಟ. 2x² − 5x + 3 = 0 ಸಮೀಕರಣ ತೆಗೆದುಕೊಳ್ಳಿ. ಸೂತ್ರ ಹಾಕಿದರೆ (5 ± √(25 − 24))/4, ಉತ್ತರ 3/2 ಮತ್ತು 1. ಒಬ್ಬಳು −b ಬರೆಯುವಾಗ ಅವಸರದಲ್ಲಿ −5 ಎಂದೇ ಇಟ್ಟು −1 ಮತ್ತು −3/2 ತಂದಳು. ಇನ್ನೊಬ್ಬ √(25 − 24) ಅನ್ನು √25 − √24 ಎಂದು ಬಿಡಿಸಿದ. ಇಬ್ಬರಿಗೂ ಅಂಕ ಹೋಯಿತು, ಕೆಂಪು ಶಾಯಿಯೂ ಒಂದೇ ಬಣ್ಣದ್ದು. ಆದರೆ ಅವಳು −1 ಅನ್ನು ಸಮೀಕರಣಕ್ಕೆ ಹಾಕಿ ನೋಡಿದರೆ 2 + 5 + 3, ಸೊನ್ನೆಯ ಬದಲು 10, "ಅಯ್ಯೋ, ಚಿಹ್ನೆ!" ಎಂದು ತಾನೇ ತಿದ್ದುತ್ತಾಳೆ. ಅವನಿಗೆ ಉತ್ತರ ತಾಳೆಯಾಗುತ್ತಿಲ್ಲ ಎಂದು ತಿಳಿದರೂ ಎಲ್ಲಿ ಎಂದು ತಿಳಿಯುವುದಿಲ್ಲ. √(16 + 9) ಎಷ್ಟು ಎಂದು ಕೇಳಿ. ಏಳು ಎಂದರೆ ರೋಗ ಸಿಕ್ಕಿತು, ಸರಿಯುತ್ತರ ಐದು. ವರ್ಗಮೂಲದ ಚಿಹ್ನೆ ಸಂಕಲನ ವ್ಯವಕಲನಗಳ ಮೇಲೆ ಹಂಚಿಹೋಗುವುದಿಲ್ಲ ಎಂಬುದನ್ನು ಅವನು ಕಲಿಯಬೇಕಾದದ್ದು ಈ ಲೆಕ್ಕದಿಂದಲೇ.

ಅವಳಿಗೆ ಬೇಕಾದದ್ದು ತಾಳೆ ನೋಡುವ ಅಭ್ಯಾಸ, ಅದನ್ನು ಪರೀಕ್ಷಾ ಕೊಠಡಿಯಲ್ಲೂ ಮಾಡಬಹುದು. ಅವನದು ಅಲ್ಲಿ ಆಗುವ ಕೆಲಸವಲ್ಲ, ಮೊದಲೇ ಆಗಬೇಕು. ಹಾಗಾಗಿ ಭಾಷಣ ಮಾಡಲೇಬೇಕೆಂದರೆ ಇಷ್ಟು ಸಾಕು:

"ಮಕ್ಕಳೇ, ಪ್ರಿಪರೇಟರಿ ಪೇಪರ್ ಇವತ್ತು ಬ್ಯಾಗಿನಿಂದ ಹೊರಗೆ ತೆಗೀರಿ. ಅಂಕ ನೋಡಬೇಡಿ. ಕೆಂಪು ಗೆರೆ ಬಿದ್ದ ಲೆಕ್ಕವನ್ನ ಪುಸ್ತಕ ಮುಚ್ಚಿ ಇನ್ನೊಂದು ಸಲ ಮಾಡಿ. ಸರಿ ಬಂದ್ರೆ, ಅವತ್ತು ಎಲ್ಲಿ ಜಾರಿದ್ರಿ ಅಂತ ಪಕ್ಕದಲ್ಲಿ ಬರ್ಕೊಳ್ಳಿ. ಮತ್ತೆ ಅದೇ ತಪ್ಪು ಉತ್ತರ ಬಂದ್ರೆ ಅಳಿಸಬೇಡಿ, ಹಾಗೇ ತಂದು ನಿಮ್ಮ ಟೀಚರಿಗೆ ತೋರಿಸಿ. ಬೈಯೋದಿಲ್ಲ."

ಕೊನೆಯ ಮಾತಿಗೆ ಸ್ಟಾಫ್ ರೂಮಿನ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು, ಅದು ಬೇರೆ ವಿಷಯ. 'ಇನ್ನೊಂದು ಅವಕಾಶ ಇದೆಯಲ್ಲ' ಎಂಬ ಸಮಾಧಾನವನ್ನಂತೂ ಇಲ್ಲಿ ಸೇರಿಸಬೇಡಿ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದು ನಿಜ. ಆದರೆ √25 − √24 ಬರೆದ ಹುಡುಗನನ್ನು ಯಾರೂ ಕೂರಿಸಿಕೊಂಡು ಕೇಳದಿದ್ದರೆ ಎಷ್ಟು ಸಲ ಕೂತರೂ ಅವನು ಬರೆಯುವುದು ಅದನ್ನೇ.