ರೀಫಂಡ್ ಹುಡುಕಲು ಯಾವ ನಂಬರ್ ಕೊಡಬೇಕು?

"ಸಾರ್, ಅಂಗಡಿಯವರು ರೀಫಂಡ್ ಮಾಡಿದೀವಿ ಅಂತಾರೆ, ನನ್ನ ಅಕೌಂಟಿಗೆ ಬಂದಿಲ್ಲ." ಬ್ಯಾಂಕ್ ಕೌಂಟರಿನಲ್ಲಿ ಇದು ದಿನಾ ಕೇಳೋ ಮಾತು. ನಂಬರ್ ಕೊಡಿ ಅಂದರೆ ಬಹಳ ಮಂದಿ ಆರ್ಡರ್ ನಂಬರ್ ತೋರಿಸುತ್ತಾರೆ. ಅದು ಅಂಗಡಿಯವರು ತಮ್ಮ ಲೆಕ್ಕಕ್ಕೆ ಇಟ್ಟುಕೊಂಡ ನಂಬರ್. ನಮ್ಮ ಸಿಸ್ಟಮ್ಮಿಗೆ ಹಾಕಿದರೆ ಏನೂ ಸಿಗುವುದಿಲ್ಲ.

ಒಂದು ಉದಾಹರಣೆ ನೋಡೋಣ. 2025ರ ಮಾರ್ಚ್ 15ರಂದು ಆನ್‌ಲೈನಿನಲ್ಲಿ 1,850 ರೂಪಾಯಿಯ ಸೀರೆ ತಗೊಂಡು ಯುಪಿಐನಲ್ಲಿ ಹಣ ಕೊಟ್ಟಿರಿ. ಆಮೇಲೆ ಬೇಡ ಅಂದಿರಿ. 20ರಂದು ರೀಫಂಡ್ ಕಳಿಸಿದ್ದೇವೆ ಅಂತ ಮೆಸೇಜ್ ಬಂತು.

ಹಣ ಕೊಟ್ಟ ಯುಪಿಐ ಆ್ಯಪ್ ತೆರೆದರೆ ಅಲ್ಲಿ ಎರಡು ನಂಬರ್ ಇರಬಹುದು. ಒಂದು ಆ್ಯಪ್ ಕಂಪನಿಯ ಸ್ವಂತದ್ದು, ಅಕ್ಷರ-ಅಂಕಿ ಬೆರೆತದ್ದು. ಅದು ಅವರ ಕಸ್ಟಮರ್ ಕೇರ್‌ಗೆ ಮಾತ್ರ ಉಪಯೋಗ. ಇನ್ನೊಂದು 12 ಅಂಕಿಯದ್ದು, UTR ಅಥವಾ UPI Ref No ಅಂತ ಬರೆದಿರುತ್ತದೆ. ನಿಮ್ಮ ಬ್ಯಾಂಕು, ಅಂಗಡಿಯ ಬ್ಯಾಂಕು, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ, ಮೂರೂ ಕಡೆ ಹುಡುಕಲು ಬರೋದು ಇದೇ. ಪಾಸ್‌ಬುಕ್ಕಿನ ಸಾಲಿನಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ.

ಇದರ ಮೊದಲ ನಾಲ್ಕು ಅಂಕಿಯಲ್ಲಿ ಸಾಮಾನ್ಯವಾಗಿ ತಾರೀಖು ಅಡಗಿರುತ್ತದೆ. 5074 ಅಂತ ಶುರುವಾದರೆ 5 ಅಂದರೆ 2025, 074 ಅಂದರೆ ವರ್ಷದ 74ನೇ ದಿನ, ಅಂದರೆ ಮಾರ್ಚ್ 15. ನಿಮ್ಮ ಕೈಲಿರೋದು ಹಣ ಕೊಟ್ಟ ದಿನದ ನಂಬರ್ ಅಂತ ಗೊತ್ತಾಯ್ತಲ್ವಾ? ಎಡವೋದು ಇಲ್ಲೇ. ಅದನ್ನು ಹಿಡಿದು ಹುಡುಕಿದರೆ ಹಣ ಹೋದದ್ದು ಕಾಣುತ್ತದೆ, ಬಂದದ್ದು ಕಾಣೋದಿಲ್ಲ. ರೀಫಂಡ್ ಬೇರೆಯೇ ವ್ಯವಹಾರ, ಅದಕ್ಕೆ ಸಾಮಾನ್ಯವಾಗಿ ಹೊಸ ನಂಬರ್ ಹುಟ್ಟುತ್ತದೆ. 20ನೇ ತಾರೀಖಿನದಾದರೆ 5079 ಅಂತ ಶುರುವಾಗಬೇಕು.

ಹಾಗಾಗಿ ಅಂಗಡಿಯವರ ಹತ್ತಿರ ಆರ್ಡರ್ ನಂಬರ್ ಹೇಳಿ "ರೀಫಂಡಿನ ಯುಟಿಆರ್ ಕೊಡಿ" ಅಂತ ಕೇಳಿ. ಕೆಲವರು rfnd_ ಅಂತ ಶುರುವಾಗೋದನ್ನು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಪೇಮೆಂಟ್ ಗೇಟ್‌ವೇ ಕಂಪನಿಯ ಐಡಿ, ಬ್ಯಾಂಕಿಗೆ ಆಗಿಬರೋದಿಲ್ಲ. 12 ಅಂಕಿಯದ್ದು ಕೊಡಲು ಆಗ್ತಿಲ್ಲ ಅಂದರೆ, ನನ್ನ ಅನುಭವದಲ್ಲಿ, ಹಣ ಇನ್ನೂ ಅವರ ಕಡೆಯಿಂದ ಹೊರಟೇ ಇಲ್ಲ ಅಂತ ಅರ್ಥ. ನಂಬರ್ ಸಿಕ್ಕರೆ ಅದು, ತಾರೀಖು, ಮೊತ್ತ, ಮೂರನ್ನೂ ಬರೆದು ನಿಮ್ಮ ಬ್ಯಾಂಕಿಗೆ ಕೊಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಅಂಕಿಗಳನ್ನು ಟೈಪ್ ಮಾಡಿ.

ಕಾರ್ಡಿನಲ್ಲಿ ಕೊಟ್ಟಿದ್ದರೆ ಕೇಳಬೇಕಾದ್ದು ಎಆರ್‌ಎನ್. 23 ಅಂಕಿ ಇರುತ್ತದೆ, ಅದನ್ನು ಕೊಡೋದು ಅಂಗಡಿಯ ಬ್ಯಾಂಕು. ಸ್ಲಿಪ್ಪಿನಲ್ಲಿರೋ 6 ಅಂಕಿಯ ಅಪ್ರೂವಲ್ ಕೋಡ್ ಇದಲ್ಲ. ಆದರೆ ಕೊಂಡ ದಿನವೇ, ಲೆಕ್ಕ ಚುಕ್ತಾ ಆಗೋ ಮೊದಲೇ ರದ್ದು ಮಾಡಿದ್ದರೆ ರೀಫಂಡಿಗೆ ಎಆರ್‌ಎನ್ ಹುಟ್ಟೋದೇ ಇಲ್ಲ. ಬ್ಯಾಂಕು ತಡೆಹಿಡಿದ ಮೊತ್ತವನ್ನು ಬಿಟ್ಟುಬಿಡುತ್ತದೆ ಅಷ್ಟೇ. ಆಗ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಜಮೆ ಹುಡುಕಬೇಡಿ, ಖರ್ಚಿನ ಸಾಲೇ ಮಾಯವಾಗಿದೆಯಾ ನೋಡಿ.